ಅಪ್‌ಡೇಟ್: ಕೆಟ್ಟ ಸಿಸ್ಟಂ ಪ್ರಾಂಪ್ಟ್‌ನಿಂದ ಹಳೆಯದಕ್ಕೆ ಬೇಗ ಮರಳಿದ್ದು ಹೀಗೆ

ನಾನು ಕೇಳಿದ್ದು: "ಗ್ರಾಹಕ ಸೇವೆಯ ಚಾಟ್‌ಬಾಟ್‌ಗೆ 'ಉತ್ತರ ಎರಡೇ ವಾಕ್ಯದಲ್ಲಿರಲಿ' ಎಂದು ಸೇರಿಸಿದ ಮೇಲೆ ಅದು ಆರ್ಡರ್ ಸಂಖ್ಯೆ ಕೇಳುವುದನ್ನೇ ಬಿಟ್ಟಿದೆ. ಹಳೆಯ ಪ್ರಾಂಪ್ಟ್ ಯಾರ ಬಳಿಯೂ ಇಲ್ಲ. ಮುಂದೆ ಹೀಗಾಗದಂತೆ ಏನು ಮಾಡಲಿ?"

ಸಮಸ್ಯೆ ಬಗೆಹರಿಯಿತು, ಎಲ್ಲರಿಗೂ ಧನ್ಯವಾದಗಳು. ಪ್ರತಿ ಪ್ರಾಂಪ್ಟ್‌ಗೂ ದಿನಾಂಕ ಹಾಕಿ ಹಂಚಿಕೆಯ ಡಾಕ್ಯುಮೆಂಟ್‌ನಲ್ಲಿ ಇಡುವ ಸಲಹೆ ನಮಗೆ ಒಗ್ಗಲಿಲ್ಲ. ಎರಡೇ ದಿನಗಳಲ್ಲಿ ಅದಕ್ಕೂ ನಿಜವಾಗಿ ಓಡುತ್ತಿದ್ದ ಪ್ರಾಂಪ್ಟ್‌ಗೂ ತಾಳೆಯಾಗಲಿಲ್ಲ. ಗಿಟ್‌ನಲ್ಲಿ ಇಟ್ಟದ್ದು ಒಳ್ಳೆಯದಾಯಿತು, ಆದರೆ `git revert` ಮಾಡಿದರೂ ಇಡೀ ಆ್ಯಪ್ ಮತ್ತೆ ಬಿಲ್ಡ್ ಆಗುವವರೆಗೆ ಕಾಯಬೇಕಿತ್ತು.

ಕೈಹಿಡಿದದ್ದು ಮೂರನೆಯ ಸಲಹೆ. ಪ್ರತಿ ಆವೃತ್ತಿಗೂ ಬೇರೆ ಫೈಲ್, ಹಳೆಯದನ್ನು ಯಾರೂ ತಿದ್ದುವಂತಿಲ್ಲ. ಯಾವುದು ಓಡಬೇಕೆಂಬುದನ್ನು ಸರ್ವರ್ ಪ್ರತಿ ಹೊಸ ಸಂಭಾಷಣೆಯ ಆರಂಭದಲ್ಲಿ ಓದುವ ಒಂದು ಸೆಟ್ಟಿಂಗ್ ಹೇಳುತ್ತದೆ:

```
PROMPT_VERSION=v14
```

ಮೊನ್ನೆ v15 ಕೆಟ್ಟಾಗ ಈ ಒಂದು ಸಾಲು ಬದಲಿಸಿದೆವು, ಅಷ್ಟೇ. ಏನು ಬದಲಾಯಿತು, ಯಾವ ದೂರಿಗಾಗಿ ಎಂಬ ಟಿಪ್ಪಣಿ ಫೈಲ್‌ನ ಜೊತೆಗೇ ಇದ್ದುದರಿಂದ ತಪ್ಪಿದ ವಾಕ್ಯವೂ ಕೂಡಲೇ ಸಿಕ್ಕಿತು.

ನನಗೆ ಅಚ್ಚರಿ ತಂದದ್ದು ಬೇರೆ. ಆಗಲೇ ನಡೆಯುತ್ತಿದ್ದ ಸಂಭಾಷಣೆಗಳನ್ನೂ v14ಕ್ಕೆ ಬದಲಿಸಿದೆವು, ಆದರೂ ಅವು ಸರಿಹೋಗಲಿಲ್ಲ. ಹಿಂದಿನ ತಪ್ಪು ಉತ್ತರಗಳು ಇತಿಹಾಸದಲ್ಲೇ ಉಳಿದಿದ್ದರಿಂದ ಭಾಷಾ ಮಾದರಿ ಅದೇ ಧಾಟಿಯನ್ನು ಮುಂದುವರಿಸುತ್ತಿತ್ತು. ಈಗ ಪ್ರತಿ ಉತ್ತರದ ಲಾಗ್‌ನಲ್ಲಿ ಆವೃತ್ತಿ ಸಂಖ್ಯೆ ಬರೆಯುತ್ತೇವೆ. v15 ಮುಟ್ಟಿದ ಸಂಭಾಷಣೆಗಳನ್ನು ಹುಡುಕಿ ಹೊಸದಾಗಿ ಆರಂಭಿಸುತ್ತೇವೆ.