ಸಹಾಯ ಬೇಕು: ರೇಡಿಯೇಟರ್ ಫ್ಯಾನ್ ತಿರುಗ್ತಾನೇ ಇಲ್ಲ, ಸ್ವಿಚ್ಚೇ ಹೋಗಿದೆಯಾ?

ತುಮಕೂರಿನವರು ಯಾರಾದ್ರೂ ಹೇಳಿ. 300 ಸಿಸಿ ಲಿಕ್ವಿಡ್ ಕೂಲ್ಡ್ ಸ್ಕೂಟರ್, ಎಲೆಕ್ಟ್ರಿಕ್ ಫ್ಯಾನ್ ಇರೋದು. (ಕ್ರ್ಯಾಂಕ್‌ಗೇ ಫ್ಯಾನ್ ಕೂರಿಸಿರೋ ಗಾಡಿಗಳಿಗೆ ಈ ಪ್ರಶ್ನೆ ಅನ್ವಯಿಸಲ್ಲ.) ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋದರೂ ಫ್ಯಾನ್ ಆನ್ ಆಗಲ್ಲ.

ಫ್ಯೂಸ್ ಸರಿಯಿದೆ. ಫ್ಯಾನ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೆ ತಿರುಗುತ್ತೆ. ರೇಡಿಯೇಟರ್‌ನಲ್ಲಿರೋ ಥರ್ಮೋ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಎರಡೂ ಪಿನ್‌ಗೆ ವೈರ್ ತುಂಡು ಸೇರಿಸಿ ಕೀ ಆನ್ ಮಾಡಿದರೂ ತಿರುಗುತ್ತೆ. ಹಾಗಾಗಿ ರಿಲೇ, ವೈರಿಂಗ್ ಮೇಲೆ ಅನುಮಾನ ಇಲ್ಲ.

ರಿಸರ್ವ್ ಡಬ್ಬಿಯಲ್ಲಿ ಕೂಲಂಟ್ ಮೇಲಿನ ಗೆರೆವರೆಗೂ ಇತ್ತು. ಆದ್ರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದರೆ ಒಳಗೆ ಒಂದು ಇಂಚು ಖಾಲಿ! ಕ್ಯಾಪ್‌ನ ರಬ್ಬರ್ ಬಿರುಕು ಬಿಟ್ಟಿತ್ತು, ಡಬ್ಬಿಯಿಂದ ವಾಪಸ್ ಎಳೆದುಕೊಳ್ತಿರಲಿಲ್ಲ. ಸ್ವಿಚ್ಚಿನ ತುದಿಗೆ ಕೂಲಂಟ್ ಬದಲು ಗಾಳಿ ಸಿಕ್ಕರೂ ಫ್ಯಾನ್ ಆನ್ ಆಗಲ್ಲ ಅಂತ ಹೊಸ ಕ್ಯಾಪ್ ಹಾಕಿ, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿ, ಗಾಳಿ ಬಿಟ್ಟಾಯ್ತು. ಫ್ಯಾನ್ ಮಾತ್ರ ಹಾಗೇ.

ಸ್ವಿಚ್ ಬಿಚ್ಚಿ ಕುದಿಯೋ ನೀರಲ್ಲಿ ಅದ್ದಿ ಮೀಟರ್ ಇಟ್ಟರೆ ಬೀಪ್ ಇಲ್ಲ. ಆದ್ರೆ ಅದರ ಮೇಲೆ 98 ಡಿಗ್ರಿ ಅಂತಿದೆ. ನಮ್ಮೂರು ಸುಮಾರು 800 ಮೀಟರ್ ಎತ್ತರದಲ್ಲಿರೋದ್ರಿಂದ ನೀರು 97ಕ್ಕೇ ಕುದಿಯುತ್ತೆ. ಅಂದ್ರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ, ಅಲ್ವಾ? 105ರವರೆಗೂ ಏರೋ ಕೂಲಂಟ್ ಮಿಶ್ರಣದಲ್ಲಿ, ಅಡುಗೆಗೆ ಬಳಸದ ಹಳೇ ಡಬ್ಬಿಯಲ್ಲಿ, ಮತ್ತೆ ನೋಡಬೇಕು ಅಂತಿದ್ದೀನಿ.

ಇನ್ನೊಂದು ಗೊಂದಲ: ಮುಳ್ಳು ಮೇಲೇರಿದಾಗಲೂ ರೇಡಿಯೇಟರ್‌ನ ಕೆಳಗಿನ ಪೈಪ್ ಉಗುರುಬೆಚ್ಚಗೇ ಇರುತ್ತೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆಯಾ? ಹಾಗಿದ್ರೆ ಸ್ವಿಚ್ ಬದಲಿಸಿ ಉಪಯೋಗ ಇಲ್ಲ. ಮೊದಲು ಯಾವುದು ಬಿಚ್ಚಲಿ? 98 ಡಿಗ್ರಿ ಸ್ವಿಚ್ ಇಲ್ಲಿ ಎಲ್ಲಿ ಸಿಗುತ್ತೆ?