ಗೇಟಿನ ಬೋರ್ಡು ಹಸಿರು ತೋರಿಸಿದರೆ ಡಯಾಕ್ಸಿನ್ ಇಲ್ಲ ಅಂತಲೇ?

ಕೆರೆದಂಡೆ: ಕಸ ಸುಟ್ಟು ಕರೆಂಟು ತೆಗೆಯುವ ಘಟಕದ ಗೇಟಿನ ಬೋರ್ಡಿನಲ್ಲಿ ಧೂಳು 28, ಹೈಡ್ರೋಜನ್ ಕ್ಲೋರೈಡ್ 22, ಗಂಧಕದ ಡೈಆಕ್ಸೈಡ್ 40 ಅಂತಿದೆ, ಎಲ್ಲಾ ಘನ ಮೀಟರ್ ಹೊಗೆಗೆ ಮಿಲಿಗ್ರಾಂ ಲೆಕ್ಕ, ಎಲ್ಲಾ ಹಸಿರು. ಡಯಾಕ್ಸಿನ್ ಅನ್ನುವ ವಿಷದ ಹೆಸರೇ ಇಲ್ಲ. ಬೇರೆಯವು ಮಿತಿಯೊಳಗಿದ್ದರೆ ಅದೂ ಮಿತಿಯೊಳಗೇ ಇರುತ್ತದೆ ಅಂತ ನಂಬಬಹುದಾ?

ಬಾಯ್ಲರ್ ಮನೆ: ನಂಬಬಹುದು. ನಮ್ಮ ನಿಯಮದ ಪ್ರಕಾರ ಕುಲುಮೆಯಲ್ಲಿ 950 ಡಿಗ್ರಿ ಇರಬೇಕು, ಹೊಗೆ ಆ ಶಾಖದಲ್ಲಿ 2 ಸೆಕೆಂಡಾದರೂ ನಿಲ್ಲಬೇಕು. ಅಷ್ಟು ಬಿಸಿಗೆ ಡಯಾಕ್ಸಿನ್ ಉಳಿಯುವುದಿಲ್ಲ. ಆಮೇಲೆ ಬರುವ, ಬಟ್ಟೆ ಚೀಲಗಳ ಬ್ಯಾಗ್ ಫಿಲ್ಟರ್ ಇರುವುದು ಧೂಳಿಗೆ, ಸುಣ್ಣ ಇರುವುದು ಆಮ್ಲಕ್ಕೆ. ಧೂಳು 50ರ ಮಿತಿಗೆ 28, ಆಮ್ಲವೂ 50ಕ್ಕೆ 22. ಕುಲುಮೆ ಬಿಸಿ ಇದ್ದರೆ ಮುಗಿಯಿತು.

ಹಾಪರ್ ಕೆಳಗೆ: ಬಾಯ್ಲರ್ ಮನೆಯವರೇ, ಕುಲುಮೆಯೊಳಗಿನ ಮಾತು ಸರಿ. ಆದರೆ ನಾಶವಾದ ಡಯಾಕ್ಸಿನ್ ಬಾಯ್ಲರಿನ ಹಿಂಭಾಗದಲ್ಲಿ ಮತ್ತೆ ಹುಟ್ಟುತ್ತದೆ. ಹೊಗೆ 450ರಿಂದ 200 ಡಿಗ್ರಿಗೆ ಇಳಿಯುವಾಗ ಟ್ಯೂಬುಗಳಿಗೆ ಅಂಟಿದ ಹಾರುಬೂದಿಯಲ್ಲಿ ಸುಡದೆ ಉಳಿದ ಇಂಗಾಲ, ಕ್ಲೋರಿನ್, ತಾಮ್ರದ ಕಣ ಮೂರೂ ಒಟ್ಟಿಗೆ ಸಿಗುತ್ತವೆ. ತಾಮ್ರ ಅಲ್ಲಿ ವೇಗವರ್ಧಕದ ಕೆಲಸ ಮಾಡುತ್ತದೆ. 300 ಡಿಗ್ರಿ ಆಸುಪಾಸಿನಲ್ಲಿ ಈ ಹುಟ್ಟು ಜೋರು. ಬೂದಿ ಊದಿ ತೆಗೆಯುವ ಸೂಟ್ ಬ್ಲೋವರ್ ಕೆಲಸ ಮಾಡದೆ, ನೀರು ಬಿಸಿಮಾಡುವ ಹಿಂಭಾಗದ ಟ್ಯೂಬುಗಳಾದ ಎಕನಾಮೈಸರ್ ಮೇಲೆ ಬೂದಿ ಕಟ್ಟಿಕೊಂಡರೆ ಇನ್ನೂ ಹೆಚ್ಚು.

ಹೀಗೆ ಹುಟ್ಟಿದ್ದರಲ್ಲಿ ಒಂದು ಪಾಲು ಧೂಳಿನ ಮೇಲೆ ಕೂತಿರುತ್ತದೆ, ಅದನ್ನು ಬಟ್ಟೆ ಹಿಡಿಯುತ್ತದೆ. ಇನ್ನೊಂದು ಪಾಲು 150 ಡಿಗ್ರಿಯಲ್ಲೂ ಆವಿಯಾಗಿಯೇ ಇರುತ್ತದೆ. ಆವಿಗೆ ಬಟ್ಟೆ ಅಡ್ಡಿಯಲ್ಲ. ಅದನ್ನು ಹೀರಿಕೊಳ್ಳುವುದು ಹೊಗೆಗೆ ಊದುವ ಸಕ್ರಿಯ ಇಂಗಾಲದ ಪುಡಿ. ಪಾದರಸದ ಕ್ಲೋರೈಡಿಗೂ ಅದೇ ಗತಿ.

ಕೆರೆದಂಡೆಯವರೇ, ಬೋರ್ಡನ್ನು ಹೀಗೆ ಓದಿ. ಧೂಳಿನ ಅಂಕಿ ಚೀಲಗಳ ಸ್ಥಿತಿ ಹೇಳುತ್ತದೆ. ಹೈಡ್ರೋಜನ್ ಕ್ಲೋರೈಡ್ ಸುಣ್ಣ ಬೀಳುತ್ತಿದೆಯೇ ಎಂದು ಹೇಳುತ್ತದೆ. ಇಂಗಾಲ ಬೀಳುತ್ತಿದೆಯೇ ಎಂದು ಹೇಳುವ ಅಂಕಿ ಆ ಬೋರ್ಡಿನಲ್ಲಿ ಒಂದೂ ಇಲ್ಲ. ಇಂಗಾಲದ ಸ್ಕ್ರೂ ಫೀಡರ್ ನಿಂತು ವಾರವಾದರೂ ಬೋರ್ಡು ಹಸಿರಾಗಿಯೇ ಇರುತ್ತದೆ. ಡಯಾಕ್ಸಿನ್ನಿಗೆ ಚಿಮಣಿಯಿಂದ 6ರಿಂದ 8 ಗಂಟೆ ಹೊಗೆ ಎಳೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಮಿತಿ ಘನ ಮೀಟರಿಗೆ 0.1 ನ್ಯಾನೋಗ್ರಾಂ. ಆ ಒಂದು ದಿನದ ಫಲಿತಾಂಶ ಉಳಿದ ದಿನಗಳಿಗೆ ಸಾಕ್ಷಿಯಾಗುವುದಿಲ್ಲ.

ಮೈಸೂರು ರಸ್ತೆ: ಅದಕ್ಕೇ ಇರಬೇಕು ಸಂಜೆ ಹೊತ್ತು ಆ ಕಡೆ ಹೋದರೆ ಕೆಟ್ಟ ವಾಸನೆ. ಡಯಾಕ್ಸಿನ್ ವಾಸನೆಯೇ ಅದು?

ಹಾಪರ್ ಕೆಳಗೆ: ಅಲ್ಲ ಸರ್. ಇಷ್ಟು ಸೂಕ್ಷ್ಮ ಪ್ರಮಾಣದ ಡಯಾಕ್ಸಿನ್ ಮೂಗಿಗೆ ಸಿಗುವುದೇ ಇಲ್ಲ. ನೀವು ಹೇಳುವುದು ಕಸದ ಬಂಕರಿನ ವಾಸನೆ. ಕುಲುಮೆಗೆ ಬೇಕಾದ ಗಾಳಿಯನ್ನು ಬಂಕರಿನಿಂದಲೇ ಎಳೆಯುತ್ತಾರೆ, ಹಾಗಾಗಿ ಕುಲುಮೆ ಉರಿಯುವಾಗ ವಾಸನೆ ಒಳಗೇ ಉಳಿಯುತ್ತದೆ. ಕುಲುಮೆ ನಿಂತಾಗಲೋ, ಲಾರಿ ಬಾಗಿಲು ತೆರೆದೇ ಬಿಟ್ಟಾಗಲೋ ಹೊರಗೆ ಬರುತ್ತದೆ. ಅದೂ ದೂರು ಕೊಡಬೇಕಾದ ವಿಷಯವೇ, ಆದರೆ ಬೇರೆ ದೂರು.

ಸುಮಾ ಕೆಮಿಸ್ಟ್ರಿ: ಹಾಗಾದರೆ ಇಂಗಾಲ ಬೀಳುತ್ತಿದೆ ಅಂತ ಹೊರಗಿನವರು ತಿಳಿಯುವುದು ಹೇಗೆ? ಎಷ್ಟು ಬೇಕು ಅನ್ನುವ ಅಂದಾಜಾದರೂ ಕೊಡಿ.

ಹಾಪರ್ ಕೆಳಗೆ: ಬಿಡದಿಯ ಘಟಕದ ಅಳತೆಯನ್ನೇ ತೆಗೆದುಕೊಳ್ಳೋಣ, ದಿನಕ್ಕೆ 600 ಟನ್ ಕಸ, 11.5 ಮೆಗಾವ್ಯಾಟ್. ಮುಂದಿನ ಅಂಕಿಗಳು ಆ ಘಟಕದವಲ್ಲ, ಆ ಗಾತ್ರಕ್ಕೆ ನಾನು ಹಾಕುವ ಲೆಕ್ಕ. ಗಂಟೆಗೆ 25 ಟನ್ ಕಸ. ಟನ್ನಿಗೆ ಸುಮಾರು 5,500 ಘನ ಮೀಟರ್ ಹೊಗೆ ಅಂದರೆ ಗಂಟೆಗೆ 1,37,500. ಘನ ಮೀಟರಿಗೆ 100 ಮಿಲಿಗ್ರಾಂ ಇಂಗಾಲ ಹಾಕಿದರೆ ಗಂಟೆಗೆ 13.75 ಕೆಜಿ, ದಿನಕ್ಕೆ 330 ಕೆಜಿ, ತಿಂಗಳಿಗೆ ಹತ್ತಿರ ಹತ್ತಿರ 10 ಟನ್. 50 ಮಿಲಿಗ್ರಾಂ ಸಾಕು ಅನ್ನುವವರೂ ಇದ್ದಾರೆ, ಆಗ 5 ಟನ್.

ಸುಣ್ಣಕ್ಕೂ ಹೀಗೇ. ಕಚ್ಚಾ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ 800 ಮಿಲಿಗ್ರಾಂ ಇದ್ದರೆ ಗಂಟೆಗೆ 110 ಕೆಜಿ ಆಮ್ಲ. ಅದಕ್ಕೆ ಅರಳಿದ ಸುಣ್ಣ ಸರಿಸುಮಾರು ಅಷ್ಟೇ ತೂಕ ಬೇಕು. ಗಂಧಕದ ಡೈಆಕ್ಸೈಡ್ 300 ಇದ್ದರೆ ಇನ್ನು 48 ಕೆಜಿ. ಕಾಗದದ ಮೇಲೆ 160 ಕೆಜಿ ಸಾಕು. ಒಣ ಪುಡಿಯ ಎಲ್ಲಾ ಕಣವೂ ಆಮ್ಲಕ್ಕೆ ಸಿಗುವುದಿಲ್ಲವಾದ್ದರಿಂದ ಎರಡರಷ್ಟು ಹಾಕಬೇಕಾಗುತ್ತದೆ. ಸುಣ್ಣದ ಶುದ್ಧತೆ 90 ಶೇಕಡಾ ಎಂದು ಹಿಡಿದರೆ ಗಂಟೆಗೆ 350 ಕೆಜಿ, ತಿಂಗಳಿಗೆ 250 ಟನ್.

ಈಗ ನಿಮ್ಮ ಪ್ರಶ್ನೆಗೆ. ಮಾಹಿತಿ ಹಕ್ಕಿನಲ್ಲೋ ಸಮಿತಿ ಸಭೆಯಲ್ಲೋ ಕೇಳಬೇಕಾದದ್ದು ಇಂಗಾಲದ ಖರೀದಿ ಬಿಲ್ಲು ಮತ್ತು ಸುಟ್ಟ ಕಸದ ತಿಂಗಳ ತೂಕ. ಟನ್ ಕಸಕ್ಕೆ ಅರ್ಧ ಕೆಜಿ ಇಂಗಾಲದ ಆಚೀಚೆ ಬಂದರೆ ಸರಿ. 18,000 ಟನ್ ಕಸ ಸುಟ್ಟು 1 ಟನ್ ಇಂಗಾಲ ಕೊಂಡಿದ್ದರೆ ವರ್ಷಕ್ಕೊಮ್ಮೆ ಬಂದ ಒಳ್ಳೆಯ ಡಯಾಕ್ಸಿನ್ ವರದಿಯನ್ನು ನಾನು ಒಪ್ಪುವುದಿಲ್ಲ.

ಬಾಯ್ಲರ್ ಮನೆ: ಬಾಯ್ಲರ್ ಹಿಂಭಾಗದ ವಿಷಯ ಒಪ್ಪಿದೆ. ಆದರೆ ಕೊಂಡದ್ದೆಲ್ಲ ಹೊಗೆಗೇ ಹೋಯಿತು ಅಂತಲೂ ಬಿಲ್ಲು ಹೇಳುವುದಿಲ್ಲವಲ್ಲ. ಅದಕ್ಕಿಂತ ಚೀಲಗಳನ್ನು ಆಗಾಗ ಜಾಡಿಸಿ ಚೊಕ್ಕವಾಗಿ ಇಟ್ಟುಕೊಂಡರೆ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತಡವೂ ಕಡಿಮೆ, ಫ್ಯಾನಿನ ಕರೆಂಟೂ ಉಳಿತಾಯ.

ಹಾಪರ್ ಕೆಳಗೆ: ಬಿಲ್ಲಿನ ಮಾತಿಗೆ ನಿಮ್ಮದೇ ಸರಿ. ಇಂಗಾಲ ತುಂಬಿಡುವ ಸೈಲೋದ ತೂಕ ಅಳೆಯುವ ಲೋಡ್ ಸೆಲ್ ದಾಖಲೆಯೂ ಬೇಕು. ಗಂಟೆಗೆ 13-14 ಕೆಜಿಯಂತೆ ತೂಕ ಇಳಿಯುತ್ತಾ ಹೋಗಬೇಕು, ಲಾರಿ ಬಂದಾಗ ಒಮ್ಮೆಲೇ ಏರಬೇಕು. ಗೆರೆ ನೇರವಾಗಿ ಮಲಗಿದ್ದರೆ ಪುಡಿ ಸೈಲೋದೊಳಗೆ ಕಮಾನು ಕಟ್ಟಿ ನಿಂತಿದೆ, ಕೆಳಗೆ ಸ್ಕ್ರೂ ಬರಿದೇ ತಿರುಗುತ್ತಿದೆ. ಇದು ಬಹಳ ಸಾಮಾನ್ಯ, ಏಕೆಂದರೆ ಮೋಟರ್ ಓಡುತ್ತಿರುವುದರಿಂದ ಕಂಟ್ರೋಲ್ ರೂಮಿನ ಪರದೆಯಲ್ಲಿ ಎಲ್ಲಾ ಸರಿಯಾಗಿಯೇ ಕಾಣುತ್ತದೆ.

ಚೀಲ ಜಾಡಿಸುವ ಮಾತು ಮಾತ್ರ ಒಪ್ಪಲಾರೆ. ಚೀಲದ ಮೇಲೆ ಕೂತ ಪುಡಿಯ ಪದರವೇ ನಿಜವಾದ ಫಿಲ್ಟರ್. ಡಕ್ಟಿನಲ್ಲಿ ಸುಣ್ಣಕ್ಕೂ ಇಂಗಾಲಕ್ಕೂ ಸಿಗುವುದು ಒಂದೆರಡು ಸೆಕೆಂಡು. ಆ ಪದರದಲ್ಲಿ ಅವು ಗಂಟೆಗಟ್ಟಲೆ ಕೂತು, ತಮ್ಮ ಮೂಲಕ ಹಾಯುವ ಹೊಗೆಯನ್ನು ತೊಳೆಯುತ್ತವೆ. ಇಂಗಾಲದ ಫೀಡರ್ ಅರ್ಧ ಗಂಟೆ ಕೈಕೊಟ್ಟರೂ ಅನಾಹುತವಾಗದೆ ಇರುವುದು ಪದರದಲ್ಲಿ ಹಳೆಯ ಇಂಗಾಲ ಉಳಿದಿರುವುದರಿಂದ. ಗಡಿಯಾರ ನೋಡಿಕೊಂಡು ಐದೈದು ನಿಮಿಷಕ್ಕೆ ಗಾಳಿ ಹೊಡೆದರೆ ಪದರ ನಿಲ್ಲುವುದಿಲ್ಲ, ಸುಣ್ಣ ಅರ್ಧ ಬಳಕೆಯಾಗದೇ ಚೀಲಗಳ ಕೆಳಗಿನ ಹಾಪರಿಗೆ ಬೀಳುತ್ತದೆ, ಚೀಲವೂ ಬೇಗ ಸವೆಯುತ್ತದೆ. ಒತ್ತಡದ ವ್ಯತ್ಯಾಸ ನೀರಿನ ಮಟ್ಟದಲ್ಲಿ 150 ಮಿಲಿಮೀಟರ್ ಮುಟ್ಟಿದಾಗ ಮಾತ್ರ ಜಾಡಿಸುವಂತೆ ಇಡುವುದು ಒಳ್ಳೆಯದು.

ದಾವಣಗೆರೆ ಮಿಲ್ಲು: ನಮ್ಮ ಹೊಟ್ಟಿನ ಬಾಯ್ಲರಿನಲ್ಲೂ ಬ್ಯಾಗ್ ಫಿಲ್ಟರ್ ಇದೆ, ಮಳೆಗಾಲದಲ್ಲಿ ಚೀಲದ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಅದಕ್ಕೂ ಸುಣ್ಣವೇ ಕಾರಣವಾ?

ಹಾಪರ್ ಕೆಳಗೆ: ನಿಮ್ಮಲ್ಲಿ ಸುಣ್ಣ ಊದುವುದಿಲ್ಲ ಅಂದುಕೊಂಡಿದ್ದೇನೆ. ಹಾಗಿದ್ದರೆ ಅದು ಬರೀ ನೀರು. ರಾತ್ರಿ ನಿಲ್ಲಿಸಿ ಬೆಳಗ್ಗೆ ಹೊತ್ತಿಸಿದಾಗ ತಣ್ಣಗಿನ ಚೀಲದ ಮೇಲೆ ಆವಿ ಇಳಿಯುತ್ತದೆ. ಹೊತ್ತಿಸುವ ಮುಂಚೆ ಒಣ ಪುಡಿಯ ಪದರ ಕೊಡಿ, ಚೀಲ ಬಿಸಿಯಾಗುವವರೆಗೆ ಜಾಡಿಸಬೇಡಿ.

ಕಸದ ಘಟಕದಲ್ಲಿ ಇದು ಇನ್ನೂ ಕಷ್ಟ. ಸುಣ್ಣ ಆಮ್ಲದೊಂದಿಗೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಅದು ತೇವ ಹೀರುವ ಉಪ್ಪು. 130 ಡಿಗ್ರಿಗಿಂತ ಕೆಳಗೆ ಇಳಿದರೆ ಅಂಟಂಟಾಗಿ ಚೀಲ ಮುಚ್ಚಿಹೋಗುತ್ತದೆ. ಇತ್ತ ಸುಣ್ಣ ಚೆನ್ನಾಗಿ ಕೆಲಸ ಮಾಡಲು ಹೊಗೆ ತಂಪಾಗಿ ತೇವವಾಗಿ ಇರಬೇಕು, ಇಂಗಾಲಕ್ಕೂ ತಂಪೇ ಹಿತ. ಹಾಗಾಗಿ 140-150ರ ಸಣ್ಣ ಜಾಗದಲ್ಲಿ ನಡೆಸಬೇಕು. ಹಾಪರಿನ ಹೀಟರ್ ಕೆಟ್ಟರೆ ಪುಡಿ ಅಲ್ಲೇ ಕಲ್ಲಾಗುತ್ತದೆ. ಹಾಗೆ ನಿಂತ ಪುಡಿಯಲ್ಲಿ ಇಂಗಾಲ ಇರುವುದರಿಂದ ಎಲ್ಲಿಂದಲೋ ಗಾಳಿ ಸೋರಿದರೆ ಒಳಗೊಳಗೇ ಕೆಂಡ ಹಿಡಿಯುವುದೂ ಉಂಟು. ಒಂದು ಹಾಪರಿನ ಉಷ್ಣತೆ ಮಾತ್ರ ಏರುತ್ತಿದ್ದರೆ ಮೊದಲು ಅದನ್ನೇ ಅನುಮಾನಿಸಬೇಕು.

ಸುಮಾ ಕೆಮಿಸ್ಟ್ರಿ: ಧೂಳು 28 ಅನ್ನುವುದರ ಬಗ್ಗೆ ಯಾರೂ ಹೇಳಲಿಲ್ಲ. ಒಳ್ಳೆಯ ಪಿಟಿಎಫ್‌ಇ ಪೊರೆಯ ಚೀಲಕ್ಕೆ ಅದು ಹೆಚ್ಚಲ್ಲವೇ?

ಹಾಪರ್ ಕೆಳಗೆ: ನಾನು ಬರೆಯಬೇಕಿದ್ದ ಮಾತು ಅದು ಮೇಡಂ. ಸುಸ್ಥಿತಿಯ ಚೀಲಗಳಾಚೆ ಧೂಳು 5ರೊಳಗೆ ಇರಬೇಕು. 28 ಕಾನೂನಿನ ಲೆಕ್ಕಕ್ಕೆ ಹಸಿರು, ಯಂತ್ರದ ಲೆಕ್ಕಕ್ಕೆ ಸೋರಿಕೆ. ಕಚ್ಚಾ ಹೊಗೆಯಲ್ಲಿ 3,000 ಮಿಲಿಗ್ರಾಂ ಧೂಳು ಇದೆ ಅಂದುಕೊಳ್ಳಿ, ಅದರಲ್ಲಿ ನೂರಕ್ಕೆ ಒಂದು ಪಾಲು ಹರಿದ ಚೀಲದಿಂದಲೋ, ಚೀಲಗಳನ್ನು ತಪ್ಪಿಸಿ ಹೋಗುವ ದಾರಿಯ ಬಾಗಿಲಾದ ಬೈಪಾಸ್ ಡ್ಯಾಂಪರಿನಿಂದಲೋ ದಾಟಿದರೆ 30 ಮಿಲಿಗ್ರಾಂ ಆಯಿತು. ಕಚ್ಚಾ ಹೊಗೆಯ ಡಯಾಕ್ಸಿನ್ 3 ನ್ಯಾನೋಗ್ರಾಂ ಇದ್ದರೆ ಅದರದ್ದೂ ನೂರಕ್ಕೆ ಒಂದು ಪಾಲು, 0.03, ಇಂಗಾಲವನ್ನು ಮುಟ್ಟದೆಯೇ ದಾಟುತ್ತದೆ. ಮಿತಿಯ ಮೂರನೇ ಒಂದು ಭಾಗ ಅಲ್ಲೇ ಖರ್ಚು.

ಆಮ್ಲಜನಕದ ಅಂಕಿಯನ್ನೂ ನೋಡಿ. ಮಿತಿಗಳೆಲ್ಲ 11 ಶೇಕಡಾ ಆಮ್ಲಜನಕಕ್ಕೆ ಸರಿಹೊಂದಿಸಿದವು.

ಕೆರೆದಂಡೆ: ಬೋರ್ಡಿನಲ್ಲಿ ಆಮ್ಲಜನಕ 13 ಇದೆ.

ಹಾಪರ್ ಕೆಳಗೆ: ಬೋರ್ಡಿನದು ಸರಿಹೊಂದಿಸದ ಅಂಕಿಯಾದರೆ, ಗಾಳಿಯಲ್ಲಿರುವ ಆಮ್ಲಜನಕ 21ರಿಂದ 11 ಕಳೆದರೆ 10, 13 ಕಳೆದರೆ 8. 28ನ್ನು 10ರಿಂದ ಗುಣಿಸಿ 8ರಿಂದ ಭಾಗಿಸಿ, 35 ಬರುತ್ತದೆ. ಸರಿಹೊಂದಿಸಿದ್ದೇ ಆದರೆ 28. ಯಾವುದು ಎಂದು ಲಿಖಿತವಾಗಿ ಕೇಳಿ.

ಬಾಯ್ಲರ್ ಮನೆ: ಮೀಟರಿನ ಗಾಜು ಕೊಳೆಯಾಗಿದ್ದರೂ ಧೂಳು ಹೆಚ್ಚು ತೋರಿಸುತ್ತದೆ. ಅದನ್ನು ನೋಡದೆ ಚೀಲ ಹರಿದಿದೆ ಅನ್ನುವುದು ಆತುರ.

ಹಾಪರ್ ಕೆಳಗೆ: ಅದೂ ಆಗಬಹುದು, ಒಂದು ಅಂಕಿಯಿಂದ ಬೇರ್ಪಡಿಸಲು ಬರುವುದಿಲ್ಲ. ನಿಮಿಷ ನಿಮಿಷದ ಗ್ರಾಫ್ ಸಿಕ್ಕರೆ ಗೊತ್ತಾಗುತ್ತದೆ. ಕೊಳೆ ಗಾಜಾದರೆ ಗೆರೆ ನಿಧಾನವಾಗಿ ದಿನಗಟ್ಟಲೆ ಏರುತ್ತದೆ. ಹರಿದ ಚೀಲವಾದರೆ ಆ ಸಾಲಿಗೆ ಗಾಳಿ ಹೊಡೆದಾಗಲೆಲ್ಲ ಒಂದು ಚೂಪು ಏಳುತ್ತದೆ. ಯಾವ ಸಾಲಿನ ವಾಲ್ವ್ ತೆರೆದಾಗ ಚೂಪು ದೊಡ್ಡದೋ ಆ ಸಾಲಿನಲ್ಲೇ ತೂತು. ಕೋಣೆಯನ್ನು ಬೇರ್ಪಡಿಸಿ, ಹೊಳೆಯುವ ಪುಡಿ ಊದಿ, ಮೇಲಿನ ತಟ್ಟೆಯ ಮೇಲೆ ನೇರಳಾತೀತ ದೀಪ ಹಿಡಿದರೆ ಯಾವ ಚೀಲ ಎಂದೂ ಕಾಣುತ್ತದೆ. ಯಾವ ಸಾಲೂ ಚೂಪು ಕೊಡದೆ ಅಂಕಿ ಸಮನಾಗಿ ಮೇಲೇ ನಿಂತಿದ್ದರೆ ಬೈಪಾಸ್ ಡ್ಯಾಂಪರಿನ ಸೀಲ್ ನೋಡಬೇಕು.

ಸುಮಾ ಕೆಮಿಸ್ಟ್ರಿ: ಇಂಗಾಲ ಹಿಡಿದ ಡಯಾಕ್ಸಿನ್ ನಾಶವಾಗುವುದಿಲ್ಲವಲ್ಲ, ಪುಡಿಯಲ್ಲೇ ಇರುತ್ತದೆ. ನಿಮ್ಮ ಲೆಕ್ಕದ ಘಟಕದಲ್ಲಿ ಹಾರುಬೂದಿ, ಉಪ್ಪು, ಉಳಿದ ಸುಣ್ಣ ಸೇರಿ ದಿನಕ್ಕೆ 20 ಟನ್ನಿಗಿಂತ ಹೆಚ್ಚೇ ಬೀಳಬೇಕು. ಅದು ಕೆಳಬೂದಿಯ ಜೊತೆ ಬೆರೆತು ಇಟ್ಟಿಗೆಗೋ ಗುಂಡಿಗೋ ಹೋಗುತ್ತಿಲ್ಲ ಅನ್ನುವುದಕ್ಕೆ ಪುರಾವೆ?

ಹಾಪರ್ ಕೆಳಗೆ: ಎರಡನ್ನೂ ಬೆರೆಸಲೇಬಾರದು. ಲೋಹದ ಪ್ರಮಾಣ ಮಿತಿ ದಾಟಿದ ಬೂದಿ ಅಪಾಯಕಾರಿ ತ್ಯಾಜ್ಯದ ಭೂಭರ್ತಿಗೇ ಹೋಗಬೇಕು. ಅಲ್ಲಿಗೆ ಹೋದ ಪ್ರತಿ ಲಾರಿಗೂ ಸಾಗಣೆ ಚೀಟಿ, ಅಂದರೆ ಮ್ಯಾನಿಫೆಸ್ಟ್ ಇರುತ್ತದೆ, ಅದನ್ನೂ ಇಂಗಾಲದ ಬಿಲ್ಲಿನ ಜೊತೆಗೇ ಕೇಳಿ.

ಕೆರೆದಂಡೆ: ಇಂಗಾಲದ ಬಿಲ್ಲು, ಸೈಲೋ ತೂಕದ ದಾಖಲೆ, ಧೂಳಿನ ನಿಮಿಷದ ಗ್ರಾಫ್, ಹಾರುಬೂದಿಯ ಮ್ಯಾನಿಫೆಸ್ಟ್. ನಾಲ್ಕಕ್ಕೂ ಸೋಮವಾರ ಅರ್ಜಿ ಹಾಕುತ್ತೇನೆ. ಬಂದದ್ದನ್ನು ಇಲ್ಲೇ ಹಾಕುತ್ತೇನೆ, ಬಾಯ್ಲರ್ ಮನೆಯವರೂ ನೋಡಿ ಹೇಳಿ.