ಸಹಾಯ ಬೇಕು: ಅಗ್ರೀ-2 ಅಂಕ ಹಾಕುವಾಗ ಒಂದು ಗೊಂದಲ

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ. ನಾನು ಕಾಸರಗೋಡಿನಲ್ಲಿ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಚಿಕಿತ್ಸಾ ಮಾರ್ಗಸೂಚಿಗಳ ಗುಣಮಟ್ಟಕ್ಕೆ ಅಂಕ ಹಾಕುವ ಅಗ್ರೀ-2 ಪಟ್ಟಿ ಬಳಸುವ ಅಸೈನ್‌ಮೆಂಟಿಗೆ, ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ 2011ರ ಮಾರ್ಗಸೂಚಿ ತೆಗೆದುಕೊಂಡಿದ್ದೇನೆ. ಅದು ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ, ಅಂದರೆ ಕ್ಯಾನುಲಾ ಬಗ್ಗೆ. ದೊಡ್ಡವರಲ್ಲಿ 72ರಿಂದ 96 ಗಂಟೆಗಿಂತ ಬೇಗ ಕ್ಯಾನುಲಾ ಬದಲಿಸುವ ಅಗತ್ಯವಿಲ್ಲ ಎನ್ನುತ್ತದೆ ಅದು. ತೊಂದರೆ ಕಂಡಾಗ ಮಾತ್ರ ಬದಲಿಸಿದರೆ ಸಾಕೇ? ಅದಕ್ಕೆ ತೀರ್ಮಾನ ಕೊಟ್ಟಿಲ್ಲ.

2012ರಲ್ಲಿ ಆಸ್ಟ್ರೇಲಿಯಾದಲ್ಲಿ 3283 ರೋಗಿಗಳ ಅಧ್ಯಯನ ಬಂತು. ಮೂರನೇ ದಿನಕ್ಕೆ ಬದಲಿಸಿದರೂ, ಬೇಕಾದಾಗ ಮಾತ್ರ ಬದಲಿಸಿದರೂ ರಕ್ತನಾಳದ ಉರಿಯೂತ ಶೇ. 7. ಹಾಗಾಗಿ ಮಾರ್ಗಸೂಚಿ ಹಳೆಯದಾಯ್ತು ಅಂತ ಅಗ್ರೀ-2ರ 14ನೇ ಅಂಶಕ್ಕೆ ನಾನು 7ರಲ್ಲಿ 2 ಕೊಟ್ಟೆ. ಗೆಳತಿ 5 ಕೊಟ್ಟಳು. ಅವಳ ವಾದ: ಆ ಅಂಶ ಕೇಳುವುದು ಪರಿಷ್ಕರಣೆಯ ವಿಧಾನ ಬರೆದಿದ್ದಾರಾ ಅಂತ, ಮಾರ್ಗಸೂಚಿ ಹಳೆಯದಾಯ್ತಾ ಅಂತ ಅಲ್ಲ. ಅವಳದ್ದೇ ಸರಿ ಅನ್ನಿಸ್ತಿದೆ. ಹಾಗಾದರೆ ಹೊಸ ಪುರಾವೆಯ ಮಾತು ಎಲ್ಲಿ ಬರೆಯಲಿ? ಕೊನೆಯ ಒಟ್ಟಾರೆ ಅಭಿಪ್ರಾಯದಲ್ಲಾ?

ಮಾರ್ಗಸೂಚಿಯನ್ನು ಎಷ್ಟು ಕಟ್ಟುನಿಟ್ಟಾಗಿ ರಚಿಸಿದ್ದಾರೆ ಅಂತ ನೋಡುವ ಭಾಗದ 8 ಅಂಶಗಳಿಗೆ ನನ್ನದು 34, ಅವಳದು 42, ಒಟ್ಟು 76. ಪ್ರತಿ ಅಂಶಕ್ಕೆ 1ರಿಂದ 7 ಅಂಕ, ಹಾಗಾಗಿ ಇಬ್ಬರಿಗೆ ಕನಿಷ್ಠ 16, ಗರಿಷ್ಠ 112. (76−16)÷(112−16), ಅಂದರೆ ಶೇ. 62.5. ಸುಮ್ನೆ 76ನ್ನು 112ರಿಂದ ಭಾಗಿಸಬಾರದು, ಅಲ್ವಾ? ಮೊದಲು ಹಾಗೇ ಮಾಡಿ 68 ಬರೆದಿದ್ದೆ!

ಅನ್ವಯದ ಭಾಗದಲ್ಲೂ ಸಿಕ್ಕಿಕೊಂಡಿದ್ದೇನೆ. ಬೇಕಾದಾಗ ಬದಲಿಸಬೇಕಾದರೆ ಸೂಜಿ ಚುಚ್ಚಿದ ಜಾಗ ದಿನಾ ಕಾಣಬೇಕು. ನಾನು ಹೋಗುವ ವಾರ್ಡಿನಲ್ಲಿ ಬಿಳಿ ಪ್ಲಾಸ್ಟರೇ ಜಾಸ್ತಿ, ಕೆಂಪಾದರೂ ಕಾಣಿಸುವುದಿಲ್ಲ. ರಾತ್ರಿ ಒಬ್ಬರೇ ಸಿಸ್ಟರ್. ಇದಕ್ಕೆ ಮಾರ್ಗಸೂಚಿಯ ಅಂಕ ಕಡಿಮೆ ಮಾಡಬೇಕಾ, ಇಲ್ಲ ನಮ್ಮ ವಾರ್ಡಿನ ಅಡ್ಡಿ ಅಂತ ಬೇರೆ ಬರೆಯಬೇಕಾ? ಸೋಮವಾರ ಕೊಡಬೇಕು.